ಕತ್ತೆ ಮತ್ತು ಕತೆ

ಐದನೇ ತರಗತಿಯ ಹುಡುಗನೊಬ್ಬ ಇಂದು ‘ಕತ್ತೆ ಹೊಳೆ ದಾಟಿತು’ ಎಂಬ ಸಾಲನ್ನು ‘ಕತೆ ಹೊಳೆ ದಾಟಿತು’ ಎಂದು ಓದಿ, ಮುಂದಿನ ಸಾಲಿಗೆ ಬೆರಳು ಸರಿಸಿದ.

ಕತೆ ಹೇಗೆ ಹೊಳೆ ದಾಟೀತು ಎಂದು ಅವನಿಗೆ ಅನ್ನಿಸಲೇ ಇಲ್ಲ. ಅಕ್ಷರ ಬಿಡಿಸುವುದರಲ್ಲೇ ಗಮನವೆಲ್ಲ ಮುಗಿದು, ಅರ್ಥಕ್ಕೆ ಏನೂ ಉಳಿದಿರಲಿಲ್ಲ.

ಮಧ್ಯಾಹ್ನವೇ ಮುಖ್ಯೋಪಾಧ್ಯಾಯಿನಿಯವರಿಗೆ ಮನವಿ ಕೊಟ್ಟೆ. ಪ್ರತಿ ಶನಿವಾರ ಕೊನೆಯ ಒಂದು ಗಂಟೆ, ನಾಲ್ಕು ಮತ್ತು ಐದನೇ ತರಗತಿಯ 14 ಮಕ್ಕಳಿಗೆ ಪರಿಹಾರ ಬೋಧನೆ. ಗುಂಪು ಮಾಡುವುದು ತರಗತಿ ನೋಡಿ ಅಲ್ಲ, ತಪ್ಪು ನೋಡಿ: ಕಾಗುಣಿತದಲ್ಲೇ ತಡವರಿಸುವ 6 ಮಕ್ಕಳನ್ನು ನಲಿಕಲಿ ಶಿಕ್ಷಕಿಯವರು ನೋಡಿಕೊಳ್ಳುತ್ತಾರೆ, ಒತ್ತಕ್ಷರ ನುಂಗುವ 8 ಮಕ್ಕಳನ್ನು ನಾನು.

“ವಾರಕ್ಕೆ ಒಂದು ಗಂಟೆ ಸಾಕೇನ್ರೀ?” ಎಂದರು.

ಸಾಲದು, ಮೇಡಂ. ಆದ್ದರಿಂದಲೇ ದಿನವೂ ಪ್ರಾರ್ಥನೆಯ ನಂತರ ಹತ್ತು ನಿಮಿಷ ಜೋಡಿಯಲ್ಲಿ ಗಟ್ಟಿಯಾಗಿ ಓದಿಸುವುದನ್ನೂ ಮನವಿಯಲ್ಲಿ ಸೇರಿಸಿದ್ದೇನೆ ಎಂದೆ.

12 ವಾರಗಳಲ್ಲಿ ನನ್ನ ಎಂಟು ಮಕ್ಕಳು ಹತ್ತು ಸಾಲಿನ ಹೊಸ ಗದ್ಯವನ್ನು ಒತ್ತಕ್ಷರ ಬಿಡದೆ ಓದಿ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕೆಂಬುದು ನಿರೀಕ್ಷೆ. ಉಳಿದ ಆರು ಮಕ್ಕಳು ಕಾಗುಣಿತದ ಪದಗಳನ್ನು ತಡವರಿಸದೆ ಓದಿದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಬರೆದುಕೊಡಲು ನನಗೆ ಮನಸ್ಸಾಗಲಿಲ್ಲ.

ಪರೀಕ್ಷೆಗೆ ಪಠ್ಯಪುಸ್ತಕದ ಪಾಠ ಬೇಡವೆಂದೂ ಕೇಳಿಕೊಂಡೆ. ಪಾಠವನ್ನು ಬಾಯಿಪಾಠ ಮಾಡಿದ ಮಗುವಿನ ಬಾಯಿ ಮೂರನೇ ಸಾಲಿನಲ್ಲಿರುತ್ತದೆ, ಬೆರಳು ಎರಡನೆಯದರಲ್ಲೇ ನಿಂತಿರುತ್ತದೆ.

ಮೇಡಂ ಸಹಿ ಹಾಕಿದ್ದಾರೆ. ಈ ಶನಿವಾರದಿಂದಲೇ ಆರಂಭ.