ಅಪ್ಪ ಅಮ್ಮನ ಎತ್ತರದ ಸೂತ್ರ ಸರಿಯಿತ್ತು, ಚಾರ್ಟ್ ಓದಿದ್ದು ತಪ್ಪಾಗಿತ್ತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಮಕ್ಕಳ ಚಿಕಿತ್ಸಾಲಯದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ನರ್ಸ್ ಆಗಿದ್ದೇನೆ. ಮಕ್ಕಳ ಎತ್ತರ, ತೂಕ ಅಳೆದು ಬೆಳವಣಿಗೆಯ ಚಾರ್ಟ್‌ನಲ್ಲಿ ಚುಕ್ಕಿ ಹಾಕಿ ವೈದ್ಯರ ಮೇಜಿಗೆ ಕಳುಹಿಸುವುದು ನನ್ನ ದಿನನಿತ್ಯದ ಕೆಲಸ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಒಂದು ಹುಡುಗಿಯ ಚಿಕಿತ್ಸೆ ಒಂದು ವರ್ಷ ತಡವಾಯಿತು. ಹೆತ್ತವರ ಎತ್ತರದಿಂದ ಮಗುವಿನ ಎತ್ತರವನ್ನು ಅಂದಾಜು ಮಾಡುವ ಸೂತ್ರವನ್ನು ನಂಬಿ ಚಾರ್ಟನ್ನು ಅರ್ಧ ಮಾತ್ರ ಓದಿದ್ದೇ ಆ ತಪ್ಪು.

ಹುಡುಗಿಗೆ ಆಗ ಎಂಟೂವರೆ ವರ್ಷ, ಎತ್ತರ 120.2 ಸೆಂಟಿಮೀಟರ್. ಜ್ವರಕ್ಕೆಂದು ಬಂದಿದ್ದ ತಾಯಿ ಹೊರಡುವ ಮೊದಲು, "ಸಿಸ್ಟರ್, ಇವಳು ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು. ಇವಳಿಗೆ ಉದ್ದವೇ ಆಗುವುದಿಲ್ಲವೋ ಏನೋ" ಎಂದರು. ನಾನು ತಾಯಿಯ ಎತ್ತರವನ್ನು ಅಳೆದೆ, 147 ಬಂತು. ತಂದೆ ಗಲ್ಫಿನಲ್ಲಿದ್ದರು. ಅವರ ಎತ್ತರ ಎಷ್ಟೆಂದು ಕೇಳಿದಾಗ, "ಅವರೂ ಉದ್ದ ಇಲ್ಲ, ಐದು ಅಡಿ ಎರಡು ಇಂಚು ಇರಬಹುದು" ಎಂಬ ಉತ್ತರ ಸಿಕ್ಕಿತು. ಅಂದರೆ ಸುಮಾರು 157.5 ಸೆಂಟಿಮೀಟರ್. ನಾನು ಅಲ್ಲಿಯೇ ಲೆಕ್ಕ ಹಾಕಿದೆ.

```
ಹುಡುಗಿಗೆ: (ತಂದೆ + ತಾಯಿ − 13) ÷ 2
ಹುಡುಗನಿಗೆ: (ತಂದೆ + ತಾಯಿ + 13) ÷ 2
```

ಇಲ್ಲಿ 13 ಎಂದರೆ ವಯಸ್ಕ ಗಂಡಸರ ಮತ್ತು ಹೆಂಗಸರ ಸರಾಸರಿ ಎತ್ತರಗಳ ನಡುವಿನ ಅಂತರ, ಸೆಂಟಿಮೀಟರ್‌ಗಳಲ್ಲಿ. ಮಗಳ ಲೆಕ್ಕಕ್ಕೆ ತಂದೆಯ ಎತ್ತರವನ್ನು ಹಾಗೆಯೇ ಸೇರಿಸಿದರೆ ಅಂದಾಜು ಮೇಲಕ್ಕೆ ಹೋಗುತ್ತದೆ. ಅದಕ್ಕಾಗಿ ಅದರಿಂದ 13 ಕಳೆದು, ಅದನ್ನು ಹೆಣ್ಣಿನ ಅಳತೆಗೆ ತಂದು, ಆಮೇಲೆ ತಾಯಿಯ ಎತ್ತರದೊಂದಿಗೆ ಸರಾಸರಿ ತೆಗೆಯುತ್ತಾರೆ. ಹೆತ್ತವರ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿದ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿಯೇ ಇಂಥದೇ ಹೊಂದಾಣಿಕೆ ಮಾಡಿದ್ದರು. ಅವರು ಕಳೆಯುವ ಬದಲು ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿದ್ದರು. ಬಹಳ ಗಿಡ್ಡ ಹೆತ್ತವರ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಗಿಡ್ಡವಾಗಿರುವುದಿಲ್ಲ, ಬಹಳ ಎತ್ತರದವರ ಮಕ್ಕಳು ಅವರಷ್ಟು ಎತ್ತರವಾಗುವುದಿಲ್ಲ, ಎರಡೂ ಕಡೆಯವರು ಸರಾಸರಿಯ ಕಡೆಗೆ ಸರಿಯುತ್ತಾರೆ ಎಂದು ತೋರಿಸಿದವರೂ ಅವರೇ. ಮೇಲಿನ ಸರಳ ಸೂತ್ರ ಈ ಸರಿಯುವಿಕೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ನನ್ನ ಲೆಕ್ಕದಲ್ಲಿ ಬಂದದ್ದು ಸುಮಾರು 146 ಸೆಂಟಿಮೀಟರ್. ಇದು ಗುರಿಯ ಮಧ್ಯಬಿಂದು ಮಾತ್ರ. ಇದರ ಎರಡೂ ಬದಿಗೆ ಎಂಟೂವರೆ ಸೆಂಟಿಮೀಟರ್‌ನಷ್ಟು ಜಾಗ ಬಿಡಬೇಕು, ಏಕೆಂದರೆ ಒಂದೇ ತಂದೆ ತಾಯಿಯ ಮಕ್ಕಳಲ್ಲಿಯೂ ಅಷ್ಟು ಹೆಚ್ಚುಕಡಿಮೆ ಇರುವುದು ಸಹಜ. ಹಾಗಾಗಿ ಈ ಹುಡುಗಿ ಹದಿನೆಂಟರ ಹೊತ್ತಿಗೆ 137ರಿಂದ 154ರ ನಡುವೆ ಎಲ್ಲಿಯಾದರೂ ನಿಲ್ಲಬಹುದು ಎಂದಾಯಿತು. ಇಷ್ಟು ಅಗಲದ ಅಂದಾಜನ್ನು ಭವಿಷ್ಯವಾಣಿ ಎನ್ನಲಾಗದು. 146ನ್ನು ಚಾರ್ಟ್‌ನ ಬಲತುದಿಯಲ್ಲಿ, ಹದಿನೆಂಟು ವರ್ಷದ ಗೆರೆಯ ಮೇಲೆ ಗುರುತು ಹಾಕಿದಾಗ ಅದು ಎಲ್ಲಕ್ಕಿಂತ ಕೆಳಗಿನ, ಅಂದರೆ ನೂರರಲ್ಲಿ ಮೂರು ಮಕ್ಕಳು ಮಾತ್ರ ಕೆಳಗಿರುವ 3ನೆಯ ಪರ್ಸೆಂಟೈಲ್ ಗೆರೆಯ ಹತ್ತಿರ ಬಿತ್ತು. ಹುಡುಗಿಯ ಆ ದಿನದ ಚುಕ್ಕಿ 10ನೆಯ ಗೆರೆಗಿಂತ ತುಸು ಮೇಲಿತ್ತು. ಕುಟುಂಬದ ಗುರಿಗಿಂತ ಮಗು ಮೇಲೆಯೇ ಇದೆ ಎಂದು ನನಗೆ ಸಮಾಧಾನವಾಯಿತು. "ಮನೆಯವರೆಲ್ಲ ಗಿಡ್ಡ ಅಲ್ಲವಾ, ಇವಳೂ ಹಾಗೆಯೇ. ಹೆದರುವಂಥದ್ದು ಏನೂ ಇಲ್ಲ" ಎಂದು ತಾಯಿಗೆ ಹೇಳಿ ಕಳುಹಿಸಿದೆ. ವೈದ್ಯರಿಗೂ ಹಾಗೆಯೇ ಬರೆದು ಕೊಟ್ಟೆ.

ಒಂದು ವರ್ಷದ ನಂತರ ತಂದೆ ರಜೆಯಲ್ಲಿ ಬಂದಿದ್ದಾಗ ಮೂವರೂ ಬಂದರು. ಹುಡುಗಿ 122.1 ಸೆಂಟಿಮೀಟರ್ ಇದ್ದಳು. ಒಂದು ವರ್ಷದಲ್ಲಿ ಎರಡು ಸೆಂಟಿಮೀಟರ್ ಕೂಡ ಬೆಳೆದಿರಲಿಲ್ಲ. ಅಳತೆ ತಪ್ಪಿರಬೇಕೆಂದು ಜಡೆ ಬಿಚ್ಚಿಸಿ, ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ, ನೋಟ ನೇರ ಮುಂದಕ್ಕೆ ಇರುವಂತೆ ನಿಲ್ಲಿಸಿ ಮೂರು ಬಾರಿ ಅಳೆದೆ. ಅಂಕಿ ಬದಲಾಗಲಿಲ್ಲ.

ಆಮೇಲೆ ನಾನು ಹಿಂದಿನ ವರ್ಷವೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಹಳೆಯ ಕಡತ ತೆಗೆದು ಎಲ್ಲ ಅಳತೆಗಳನ್ನೂ ಒಂದೇ ಚಾರ್ಟ್‌ಗೆ ಇಳಿಸಿದೆ. ಆರೂವರೆ ವರ್ಷದಲ್ಲಿ ಅವಳು 111.5 ಇದ್ದಳು, ಏಳೂವರೆಯಲ್ಲಿ 116.8. ಆ ವರ್ಷ ಐದಕ್ಕಿಂತ ಹೆಚ್ಚು ಸೆಂಟಿಮೀಟರ್ ಬೆಳೆದಿದ್ದಳು, ಅದು ಸರಿ. ನಾಲ್ಕು ವರ್ಷದ ನಂತರ ಹರೆಯದ ಜಿಗಿತ ಆರಂಭವಾಗುವವರೆಗೆ ಆರೋಗ್ಯವಂತ ಮಗು ವರ್ಷಕ್ಕೆ ಸುಮಾರು ಐದರಿಂದ ಆರು ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು. ಏಳೂವರೆಯಿಂದ ಎಂಟೂವರೆಗೆ ಬಂದಾಗ ಅವಳು ಬೆಳೆದದ್ದು 3.4 ಮಾತ್ರ. ಅಂದರೆ ನಾನು ಹೆದರಬೇಡಿ ಎಂದು ಹೇಳಿದ ದಿನ ಎಚ್ಚರಿಕೆಯ ಅಂಕಿ ನಮ್ಮ ಕಡತದಲ್ಲಿಯೇ ಇತ್ತು. ನಾನು ಒಂದು ಚುಕ್ಕಿಯನ್ನು ಮಾತ್ರ ನೋಡಿದ್ದೆ, ಚುಕ್ಕಿಗಳನ್ನು ಸೇರಿಸುವ ಗೆರೆಯನ್ನು ನೋಡಿರಲಿಲ್ಲ.

ಚಾರ್ಟ್ ಓದುವಾಗ ಬಹಳ ಮಂದಿ ತಪ್ಪುವುದು ಇಲ್ಲಿಯೇ. 3ನೆಯ ಗೆರೆಯೆಂದರೆ ನೂರು ಆರೋಗ್ಯವಂತ ಮಕ್ಕಳಲ್ಲಿ ಮೂವರು ಅದರ ಕೆಳಗಿರುತ್ತಾರೆ ಎಂದರ್ಥ. ಆದ್ದರಿಂದ ಆ ಗೆರೆಯ ಉದ್ದಕ್ಕೂ ಸಮಾನಾಂತರವಾಗಿ ಏರುತ್ತಿರುವ ಮಗು ಚೆನ್ನಾಗಿಯೇ ಇರಬಹುದು. 25ರ ಹತ್ತಿರ ಇದ್ದು ಕೆಳಗಿನ ಗೆರೆಗಳನ್ನು ಒಂದೊಂದಾಗಿ ದಾಟುತ್ತಿರುವ ಮಗು, ಇನ್ನೂ 3ನೆಯ ಗೆರೆಗಿಂತ ಮೇಲಿದ್ದರೂ, ಚೆನ್ನಾಗಿಲ್ಲದಿರಬಹುದು. ಈ ಹುಡುಗಿ ಆರೂವರೆಯಲ್ಲಿ 10 ಮತ್ತು 25ರ ನಡುವೆ ಇದ್ದವಳು, ಒಂಬತ್ತೂವರೆಯಲ್ಲಿ 3 ಮತ್ತು 10ರ ನಡುವೆ ಇಳಿದಿದ್ದಳು. ಆಗಲೂ ಅವಳು 3ನೆಯ ಗೆರೆಯ ಮೇಲೆಯೇ ಇದ್ದಳು. ಕೆಳಗಿನ ಗೆರೆ ದಾಟುವವರೆಗೆ ಕಾಯುತ್ತೇವೆಂದು ಕುಳಿತಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು.

ಬೆಳವಣಿಗೆಯ ವೇಗವನ್ನು ಲೆಕ್ಕ ಹಾಕಲು ಎರಡು ಅಳತೆಗಳ ನಡುವೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಇರಬೇಕು. ಒಂದೊಂದು ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪು ಸುಲಭವಾಗಿ ಬರುತ್ತದೆ. ಬೆಳಿಗ್ಗೆಗಿಂತ ಸಂಜೆ ಮಗು ಸ್ವಲ್ಪ ಗಿಡ್ಡವೂ ಆಗಿರುತ್ತದೆ. ಮೂರು ತಿಂಗಳಲ್ಲಿ ಬೆಳೆಯುವುದೇ ಒಂದೂಕಾಲು ಸೆಂಟಿಮೀಟರ್ ಆಗಿರುವಾಗ ಈ ತಪ್ಪು ಇಡೀ ಉತ್ತರವನ್ನು ನುಂಗಿಬಿಡುತ್ತದೆ. ಶಾಲೆಯ ಗೋಡೆಗೆ ಅಂಟಿಸಿದ ಕಾಗದದ ಟೇಪಿನ ಅಳತೆಯನ್ನೂ ನಮ್ಮ ಅಳತೆಯನ್ನೂ ಬೆರೆಸಿ ವೇಗ ತೆಗೆಯಲು ಹೋಗಬಾರದು. ವಯಸ್ಸನ್ನು ಜನ್ಮದಿನಾಂಕದಿಂದಲೇ ತಿಂಗಳ ಮಟ್ಟಿಗೆ ಲೆಕ್ಕ ಹಾಕಬೇಕು. ಒಂಬತ್ತೂವರೆಯ ಮಗುವನ್ನು ಒಂಬತ್ತರ ಗೆರೆಯ ಮೇಲೆ ಗುರುತಿಸಿದರೆ ಮಗು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ನಾವು ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟನ್ನೂ, ಐದರಿಂದ ಹದಿನೆಂಟರವರೆಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಚಾರ್ಟನ್ನೂ ಬಳಸುತ್ತೇವೆ. ಐದರಲ್ಲಿ ಚಾರ್ಟ್ ಬದಲಾಗುವಾಗ ಮಗುವಿನ ಸ್ಥಾನವೂ ತುಸು ಬದಲಾದಂತೆ ಕಾಣಬಹುದು. ಅದನ್ನು ಗೆರೆ ದಾಟಿದ್ದೆಂದು ತಿಳಿಯಬಾರದು.

ಆ ದಿನ ತಂದೆಯನ್ನೂ ಚಪ್ಪಲಿ ಬಿಚ್ಚಿಸಿ ಅಳೆದೆ. 168 ಸೆಂಟಿಮೀಟರ್! ತಾಯಿ ಹೇಳಿದ್ದಕ್ಕಿಂತ ಹತ್ತು ಸೆಂಟಿಮೀಟರ್‌ಗೂ ಹೆಚ್ಚು. ಅವರು ಸುಳ್ಳು ಹೇಳಿರಲಿಲ್ಲ. ಗಂಡನ ಎತ್ತರವನ್ನು ಅಂಕಿಯಲ್ಲಿ ಹೇಳುವ ಸಂದರ್ಭ ಯಾರಿಗೂ ದಿನವೂ ಬರುವುದಿಲ್ಲ. ಕೇಳಿ ಬರೆದುಕೊಂಡ ನನ್ನದೇ ತಪ್ಪು. ಸೂತ್ರದಲ್ಲಿ ಎರಡರಿಂದ ಭಾಗಿಸುವುದರಿಂದ ತಪ್ಪಿನ ಅರ್ಧ ಮಾತ್ರ ಗುರಿಗೆ ಬರುತ್ತದೆಯಾದರೂ, ಈ ಮನೆಯಲ್ಲಿ ಆ ಅರ್ಧವೇ ಎಲ್ಲವನ್ನೂ ಬದಲಿಸಿತು. ಹೊಸ ಗುರಿ 168ಕ್ಕೆ 147 ಕೂಡಿಸಿ, 13 ಕಳೆದು, ಎರಡರಿಂದ ಭಾಗಿಸಿದಾಗ ಬಂದ 151. ಅದು ಹದಿನೆಂಟರ ಗೆರೆಯಲ್ಲಿ 10 ಮತ್ತು 25ರ ನಡುವೆ ಬೀಳುತ್ತದೆ, ಆರೂವರೆಯಲ್ಲಿ ಹುಡುಗಿ ಇದ್ದ ದಾರಿಯೂ ಅದೇ. ಅವಳು ತನ್ನ ಕುಟುಂಬದ ದಾರಿಯಲ್ಲಿಯೇ ಇದ್ದವಳು ಅಲ್ಲಿಂದ ಕೆಳಗೆ ಜಾರಿದ್ದಳು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳ ತಂದೆಯಂದಿರು ಗಲ್ಫಿನಲ್ಲಿದ್ದಾರೆ. ಈಗ ಅಂಥ ಕಡತದಲ್ಲಿ ತಂದೆಯ ಎತ್ತರದ ಮುಂದೆ 'ಕೇಳಿದ್ದು' ಎಂದು ಬರೆದು, ರಜೆಯಲ್ಲಿ ಬಂದಾಗ ಅಳೆದು 'ಅಳೆದದ್ದು' ಎಂದು ತಿದ್ದುತ್ತೇನೆ. ಅಳತೆ ಸಿಕ್ಕಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಗಿಡ್ಡವಾಗಿರುವ ತಂದೆಗೋ ತಾಯಿಗೋ ಬಾಲ್ಯದಲ್ಲಿ ಕಾಯಿಲೆಯಿಂದ ಬೆಳವಣಿಗೆ ನಿಂತಿದ್ದರೆ, ಅಥವಾ ಅನುವಂಶೀಯವಾಗಿ ಬರುವ ಮೂಳೆಯ ತೊಂದರೆಯಿದ್ದರೆ, ಆ ಎತ್ತರದಿಂದ ತೆಗೆದ ಗುರಿ ಮಗುವಿನ ತೊಂದರೆಯನ್ನೇ ಸಹಜವೆಂದು ತೋರಿಸಿಬಿಡುತ್ತದೆ.

ತೂಕದ ಚಾರ್ಟ್ ಇನ್ನೊಂದು ಸುಳಿವು ಕೊಟ್ಟಿತು. ಎತ್ತರ ನಿಂತಿದ್ದರೂ ತೂಕ ಮಧ್ಯದ ಗೆರೆಯ ಆಸುಪಾಸಿನಲ್ಲಿಯೇ ಏರುತ್ತಾ ಬಂದಿತ್ತು. ಊಟ ಸಾಲದೆ ಬೆಳವಣಿಗೆ ಕುಂಠಿತವಾದರೆ ಸಾಮಾನ್ಯವಾಗಿ ಮೊದಲು ತೂಕ ಇಳಿಯುತ್ತದೆ. ತೂಕ ಉಳಿದು ಎತ್ತರ ಮಾತ್ರ ನಿಂತಾಗ ಹಾರ್ಮೋನಿನ ಕಡೆಗೆ ನೋಡಬೇಕು. ಮಲಬದ್ಧತೆ ಇದೆಯೇ, ಚಳಿ ಹೆಚ್ಚಾಗುತ್ತದೆಯೇ ಎಂದು ವೈದ್ಯರು ಕೇಳಿದಾಗ ತಾಯಿ ಎರಡಕ್ಕೂ ಹೌದೆಂದರು. ಮಳೆಗಾಲದಲ್ಲಿ ಹೊದಿಕೆ ಬಿಟ್ಟು ಏಳುವುದೇ ಇಲ್ಲ, ಆದರೆ ಅದನ್ನು ಸೋಮಾರಿತನ ಎಂದು ತಿಳಿದಿದ್ದೆವು ಎಂದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು ಟಿಎಸ್‌ಎಚ್ ತೀರಾ ಹೆಚ್ಚಾಗಿತ್ತು, ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ಎಡಗೈಯ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು, ಅಂದರೆ ಮೂಳೆಗಳು ಬಲಿತ ಮಟ್ಟ, ಏಳು ವರ್ಷದ ಮಗುವಿನಂತಿತ್ತು.

ಮೂಳೆಯ ವಯಸ್ಸು ಹಿಂದುಳಿಯುವುದು ಕಾಯಿಲೆಯಲ್ಲಿ ಮಾತ್ರವಲ್ಲ. ತಡವಾಗಿ ಹರೆಯಕ್ಕೆ ಬರುವ ಆರೋಗ್ಯವಂತ ಮಕ್ಕಳಲ್ಲಿಯೂ ಅದು ಹಿಂದುಳಿದಿರುತ್ತದೆ, ಆದರೆ ಅವರು ವರ್ಷಕ್ಕೆ ಬೆಳೆಯಬೇಕಾದಷ್ಟು ಹೆಚ್ಚುಕಡಿಮೆ ಬೆಳೆಯುತ್ತಲೇ ಇರುತ್ತಾರೆ. ಕುಟುಂಬದಿಂದಲೇ ಗಿಡ್ಡವಾಗಿರುವ ಮಗುವಿನ ಮೂಳೆಯ ವಯಸ್ಸು ನಿಜವಾದ ವಯಸ್ಸಿಗೆ ಹೊಂದುತ್ತದೆ. ಮೂವರೂ ಒಂದೇ ಎತ್ತರದವರಾಗಿ ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಒಂದು ದಿನದ ಅಳತೆಯಿಂದ ಅವರನ್ನು ಬೇರೆ ಮಾಡಲಾಗುವುದಿಲ್ಲ.

ಲಿವೋಥೈರಾಕ್ಸಿನ್ ಮಾತ್ರೆ ಆರಂಭವಾಯಿತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ದಿನಕ್ಕೊಂದು. ಮುಂದಿನ ಹನ್ನೆರಡು ತಿಂಗಳಲ್ಲಿ ಅವಳು 9.4 ಸೆಂಟಿಮೀಟರ್ ಬೆಳೆದು 131.5 ತಲುಪಿ, ಚಾರ್ಟ್‌ನಲ್ಲಿ ಮತ್ತೆ 10 ಮತ್ತು 25ರ ನಡುವಿನ ತನ್ನ ದಾರಿಗೆ ಬಂದಳು. ತಂದೆ ಫೋನಿನಲ್ಲಿ, "ಹಾಗಾದರೆ 151 ಆಗಿಯೇ ಆಗುತ್ತದಲ್ಲ ಸಿಸ್ಟರ್?" ಎಂದು ಕೇಳಿದರು. ಕಾಯಿಲೆ ಬಹಳ ಕಾಲ ಚಿಕಿತ್ಸೆಯಿಲ್ಲದೆ ಇದ್ದ ಮಕ್ಕಳಲ್ಲಿ ಮಾತ್ರೆ ಆರಂಭಿಸಿದ ಮೇಲೆ ಮೂಳೆಯ ವಯಸ್ಸು ಎತ್ತರಕ್ಕಿಂತ ವೇಗವಾಗಿ ಓಡಿ, ಕೆಲವು ಸೆಂಟಿಮೀಟರ್ ಕೈತಪ್ಪುವುದುಂಟು. ಹಾಗಾಗಿ ಆಗುತ್ತದೆ ಎಂದು ಹೇಳಲು ನನ್ನಿಂದ ಆಗಲಿಲ್ಲ. ಆರು ತಿಂಗಳಿಗೊಮ್ಮೆ ತಪ್ಪದೆ ಕರೆದುಕೊಂಡು ಬರಲಿ, ಪ್ರತಿಸಲ ನಾನೇ ಅಳೆಯುತ್ತೇನೆ ಎಂದು ಹೇಳಿದೆ.