ಗುಂಪಿನ ಹೆಸರು ಹುಡುಕಿದ ಸಂಜೆ

ಗುಂಪಿಗೆ "ಆಸರೆ" ಅಂತ ಹೆಸರಿಡೋಣ ಎಂದು ಗೆಳತಿ ಹೇಳಿದಾಗ ನಮಗೆಲ್ಲ ಇಷ್ಟವಾಯಿತು. ಅವಳ ತಾಯಿಗೆ ಡಿಮೆನ್ಷಿಯಾ, ಅಂದರೆ ನೆನಪು ಕುಂದುತ್ತ ಹೋಗುವ ತೊಂದರೆ. ನನ್ನ ಮಾವನಿಗೂ ಅದೇ. ಇಂಥವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ನಾವು ಕೆಲವರು ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದೆವು. ಅಮ್ಮ ಸ್ನಾನಕ್ಕೆ ಒಪ್ಪುತ್ತಿಲ್ಲ, ಸಂಜೆಯಾದರೆ ಚಡಪಡಿಕೆ ಜಾಸ್ತಿ, ರಾತ್ರಿ ಬಾಗಿಲು ತೆಗೆದು ಹೊರಗೆ ಹೋಗಿಬಿಡ್ತಾರೆ. ಇಂಥ ಮಾತುಗಳು. ನಮ್ಮಂಥವರು ಇನ್ನೂ ಇದ್ದಾರೆ, ಎಲ್ಲರೂ ಸೇರಲಿ ಎಂದು ವಾಟ್ಸಾಪ್ ಗುಂಪು ಮಾಡಲು ಹೊರಟೆವು.

ಹೆಸರು ಗಟ್ಟಿ ಮಾಡುವ ಮೊದಲು ಗೆಳತಿ ಒಂದು ಒಳ್ಳೆಯ ಕೆಲಸ ಮಾಡಿದಳು. ಈ ವಿಷಯ ಏನೂ ಗೊತ್ತಿಲ್ಲದ ಕೆಲವರಿಗೆ ಬರೀ ಹೆಸರು ಕಳಿಸಿದಳು. ಜೊತೆಗೆ ಎರಡೇ ಪ್ರಶ್ನೆ: ಈ ಗುಂಪು ಯಾರಿಗೆ? ಒಳಗೆ ಏನು ಮಾತಾಡ್ತಾರೆ? ಒಬ್ಬರು "ವೃದ್ಧಾಶ್ರಮದ್ದಾ?" ಎಂದರು. ಇನ್ನೊಬ್ಬರು "ದೇಣಿಗೆ ಕೇಳೋದಾ?" ಎಂದರು. "ಅನಾಥ ಮಕ್ಕಳಿಗೆ ಇರಬೇಕು" ಅಂತಲೂ ಒಂದು ಉತ್ತರ ಬಂತು. ಡಿಮೆನ್ಷಿಯಾದ ಹತ್ತಿರ ಯಾರೂ ಸುಳಿಯಲಿಲ್ಲ.

"ಇದು ಚೆಂದ ಇದೆಯಾ ಅಂತ ಕೇಳಿದ್ದರೆ ಎಲ್ಲರೂ ಹೂಂ ಅಂತಿದ್ರು" ಎಂದಳು ಗೆಳತಿ. ಅದು ನಿಜ. ಹೆಸರು ಹೇಗಿದೆ ಎಂದು ಕೇಳಿದರೆ ಜನ ಕಿವಿಗೆ ಹಿತವಾಗಿದೆಯೇ ಎಂದಷ್ಟೇ ನೋಡಿ ಹೇಳುತ್ತಾರೆ. ಏನು ಅರ್ಥವಾಯಿತು ಎಂದು ಕೇಳಿದರೆ ಮಾತ್ರ ಹೆಸರು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುತ್ತದೆ. ಕೇಳುವಾಗ ನಾವು ವಿವರಣೆ ಕೊಡಲೇಬಾರದು. ಗುಂಪಿಗೆ ಕರೆಯುವ ಲಿಂಕ್ ಯಾರೋ ಯಾರಿಗೋ ಕಳಿಸುತ್ತಾರೆ, ಆಗ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಲು ನಾವು ಇರುವುದಿಲ್ಲ.

ಆ ಸಂಜೆ ನಾಲ್ಕೈದು ಜನ ಒಂದೇ ಕರೆಯಲ್ಲಿ ಸೇರಿ ಮತ್ತೆ ಹೆಸರು ಹುಡುಕಲು ಕೂತೆವು. ಈಗ ಸ್ಪಷ್ಟವಾಗಿ ಇಡಬೇಕೆಂಬ ಹಟ. "ಡಿಮೆನ್ಷಿಯಾ ಕಾಯಿಲೆ ಇರುವ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರ ಬಳಗ" ಎಂದು ಒಬ್ಬರು ಬರೆದರು. ಎಲ್ಲವೂ ಇದೆ. ವಾಟ್ಸಾಪಿನಲ್ಲಿ ಗುಂಪಿನ ಹೆಸರು 100 ಅಕ್ಷರದವರೆಗೆ ಇರಬಹುದು, ಹಾಗಾಗಿ ಅದು ಒಪ್ಪಿಕೊಂಡಿತು ಕೂಡ. ಆದರೆ ಒಪ್ಪಿಕೊಳ್ಳುವುದು ಬೇರೆ, ಕಾಣುವುದು ಬೇರೆ. ಒಂದು ಖಾಲಿ ಗುಂಪಿಗೆ ಅದೇ ಹೆಸರು ಕೊಟ್ಟು ನೋಡಿದೆ. ಚಾಟ್ ಪಟ್ಟಿಯಲ್ಲಿ ಕಂಡದ್ದು "ಡಿಮೆನ್ಷಿಯಾ ಕಾಯಿಲೆ ಇರುವ…" ಅಷ್ಟೇ. ಮುಂದಿನದು ಚುಕ್ಕಿಗಳೊಳಗೆ ಹೋಯಿತು. ಅಷ್ಟನ್ನೇ ಓದಿದವರು ಇದು ರೋಗಿಗಳ ಗುಂಪು ಅಂದುಕೊಳ್ಳುತ್ತಾರೆ. ನೋಡಿಕೊಳ್ಳುವವರಿಗೆ ಎಂಬ ಮುಖ್ಯ ಮಾತೇ ಬಾಲದಲ್ಲಿ ಉಳಿದಿತ್ತು.

ಸರಿ, ಚಿಕ್ಕದು ಮಾಡೋಣ ಎಂದು "ಡಿಮೆನ್ಷಿಯಾ ಆರೈಕೆ" ಎಂದೆವು. ಎಲ್ಲರೂ ಒಪ್ಪಿದ ಹಾಗೆಯೇ ಇತ್ತು. ಆಗ ಅಷ್ಟು ಹೊತ್ತೂ ಸುಮ್ಮನಿದ್ದ ಹಿರಿಯರೊಬ್ಬರು ಮಾತಾಡಿದರು.

"ನನ್ನ ಹೆಂಡತಿ ಇನ್ನೂ ಚೆನ್ನಾಗಿ ಓದ್ತಾಳೆ. ನನ್ನ ಫೋನ್ ಸದ್ದು ಮಾಡಿದ್ರೆ ಮೊದಲು ಕೈಗೆತ್ತಿಕೊಳ್ಳೋದು ಅವಳೇ. ಗುಂಪಿಗೆ ಮೆಸೇಜ್ ಬಂದಾಗೆಲ್ಲ ಮೇಲೆ ಆ ಹೆಸರು ಬರುತ್ತೆ ಅಲ್ವಾ? ಇದು ನನ್ನ ವಿಷಯಾನಾ ಅಂತ ಕೇಳ್ತಾಳೆ. ನಾನು ಏನು ಹೇಳಲಿ?"

ಸ್ವಲ್ಪ ಹೊತ್ತು ಯಾರಿಗೂ ಮಾತು ಬರಲಿಲ್ಲ. ಗುಂಪು ಯಾರಿಗೆ ಎಂಬುದನ್ನೇ ಯೋಚಿಸುತ್ತಿದ್ದೆವು. ಹೆಸರನ್ನು ಇನ್ನು ಯಾರು ಯಾರು ಓದುತ್ತಾರೆ ಎಂಬುದು ಆಗ ಮುಂದೆ ಬಂತು. ಲಾಕ್ ಆದ ಸ್ಕ್ರೀನಿನ ಮೇಲೂ ನೋಟಿಫಿಕೇಶನ್ ಜೊತೆ ಗುಂಪಿನ ಹೆಸರು ಬರುತ್ತದೆ. ಆ ಫೋನ್ ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಇರುತ್ತದೆ. ನೋಟಿಫಿಕೇಶನ್ ಮುಚ್ಚಿಡುವ ಸೆಟ್ಟಿಂಗ್ ಇದೆ ನಿಜ. ಆದರೆ ಸೇರುವ ಪ್ರತಿಯೊಬ್ಬರೂ ಅದನ್ನು ಮಾಡಿಕೊಂಡಿರುತ್ತಾರೆ ಎಂದು ನಂಬಿ ಹೆಸರಿಡುವುದು ಸರಿಯಲ್ಲ.

ಹಾಗಂತ ಮತ್ತೆ "ಆಸರೆ"ಗೆ ಹೋಗುವಂತೆಯೂ ಇರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಗೆಳತಿಯೇ. ಹೆಸರು ಮತ್ತು ಗುಂಪಿನ ಮಾಹಿತಿಯಲ್ಲಿ ಬರೆಯುವ ವಿವರಣೆ ಎರಡೂ ಒಂದೇ ಕಡೆ ಕಾಣುವುದಿಲ್ಲ. ಹೆಸರು ಎಲ್ಲರ ಕಣ್ಣಿಗೂ ಬೀಳುತ್ತದೆ, ವಿವರಣೆ ನೋಟಿಫಿಕೇಶನ್ನಿನಲ್ಲಿ ಬರುವುದಿಲ್ಲ. ಹಾಗಾದರೆ ಕಾಯಿಲೆಯ ಹೆಸರು ವಿವರಣೆಯ ಮೊದಲ ಸಾಲಿನಲ್ಲಿರಲಿ, ಗುಂಪಿನ ಹೆಸರಿನಲ್ಲಿ ಮೃದುವಾದ, ಆದರೆ ದಾರಿ ತಪ್ಪಿಸದ ಪದ ಇರಲಿ ಎಂದಳು. ಹಾಗೆ ಬಂದದ್ದು "ಮರೆವು: ಮನೆಯಲ್ಲಿ ಆರೈಕೆ". ಹಿರಿಯರು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡು ನೋಡಿದರು. "ಇದು ಬಂದ್ರೆ ಪರವಾಗಿಲ್ಲ. ಮರೆವು ನನಗೂ ಇದೆ ಕಣೇ ಅಂತ ಹೇಳಬಹುದು" ಎಂದರು.

ಖಾಲಿ ಗುಂಪಿಗೆ ಹಾಕಿದಾಗ ಹೆಸರು ಪೂರ್ತಿ ಕಂಡಿತು. ಹುಡುಕುವವರಿಗೂ ಸುಲಭ. ಕೆಲವು ತಿಂಗಳು ಬಿಟ್ಟು ಯಾರಾದರೂ ಗುಂಪನ್ನು ಹುಡುಕಿದರೆ ಮನಸ್ಸಿಗೆ ಬರುವುದು ವಿಷಯದ ಪದ. "ಮರೆವು" ಎಂದೋ "ಆರೈಕೆ" ಎಂದೋ ಟೈಪ್ ಮಾಡಿದರೆ ಸಿಗಬೇಕು. ಗೆಳತಿ ಹೊಸಬರಿಬ್ಬರಿಗೆ ಅದೇ ಎರಡು ಪ್ರಶ್ನೆ ಕಳಿಸಿದಳು. "ಮರೆವಿರೋ ಹಿರಿಯರನ್ನ ಮನೇಲಿ ನೋಡ್ಕೊಳ್ಳೋರದ್ದು" ಎಂದು ಒಬ್ಬರ ಉತ್ತರ. ಇನ್ನೊಬ್ಬರದೂ ಹೆಚ್ಚು ಕಡಿಮೆ ಅದೇ.

ವಿವರಣೆಗೆ ವಾಟ್ಸಾಪ್ 2048 ಅಕ್ಷರ ಕೊಡುತ್ತದೆ. ಅಷ್ಟೂ ಬೇಡ, ಚಿಕ್ಕದಾಗಿ ಬರೆಯೋಣ ಎಂದೆ, ಯಾಕೆಂದರೆ ಗುಂಪಿನ ಮಾಹಿತಿ ತೆರೆದಾಗ ವಿವರಣೆಯ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಬಹಳ ಜನ ಒತ್ತುವುದಿಲ್ಲ. ಗೆಳತಿಯ ಕರಡು "ಎಲ್ಲರಿಗೂ ಆತ್ಮೀಯ ಸ್ವಾಗತ, ಒಬ್ಬರಿಗೊಬ್ಬರು ನೆರವಾಗುವ ಉದ್ದೇಶದಿಂದ" ಎಂದು ಶುರುವಾಗುತ್ತಿತ್ತು. ಸ್ವಾಗತದ ಮಾತನ್ನು ಗುಂಪಿನ ಮೊದಲ ಮೆಸೇಜಿಗೆ ಸಾಗಿಸಿದೆವು. ಉಳಿದದ್ದು ಹೀಗಾಯಿತು:

"ಡಿಮೆನ್ಷಿಯಾ, ಅಲ್ಝೈಮರ್ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ. ದಿನದ ತೊಂದರೆ ಕೇಳಿ, ನಿಮಗೆ ಉಪಯೋಗಕ್ಕೆ ಬಂದದ್ದು ಹೇಳಿ: ಸ್ನಾನ, ಊಟ, ನಿದ್ದೆ, ಚಡಪಡಿಕೆ. ಔಷಧಿ ಸಲಹೆ ಬೇಡ, ಅದಕ್ಕೆ ಡಾಕ್ಟರನ್ನು ಕೇಳಿ. ಕಾಯಿಲೆ ಇರುವವರ ಫೋಟೊ ಹಾಕಬೇಡಿ."

ಎರಡೂ ಪದ ಬೇಕೆಂದೇ ಹಾಕಿದೆವು. ಡಿಮೆನ್ಷಿಯಾ ದೊಡ್ಡ ಹೆಸರು, ಅದಕ್ಕೆ ಕಾರಣವಾಗುವ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಅಲ್ಝೈಮರ್. ಕೆಲವು ಮನೆಗಳಿಗೆ ಡಾಕ್ಟರ್ ಹೇಳಿದ್ದು ಒಂದೇ ಪದ. ಆ ಪದ ಕಾಣದಿದ್ದರೆ ಇದು ನಮಗಲ್ಲ ಎಂದು ತಿರುಗಿ ಹೋಗುತ್ತಾರೆ. ಸ್ನಾನ, ಊಟ ಎಂದು ಬಿಡಿಬಿಡಿಯಾಗಿ ಹೇಳಿದ್ದಕ್ಕೂ ಕಾರಣವಿದೆ. "ಅನುಭವ ಹಂಚಿಕೊಳ್ಳಿ" ಎಂದರೆ ಏನು ಬರೆಯಬೇಕೆಂದು ತಿಳಿಯದೆ ಜನ ಸುಮ್ನೆ ಶುಭಾಶಯ ಕಳಿಸುತ್ತಾರೆ. ಬೇಡ ಎನ್ನುವ ಮಾತುಗಳನ್ನು ಎರಡಕ್ಕೇ ನಿಲ್ಲಿಸಿದೆವು. ತಪ್ಪಿದರೆ ನಿಜವಾಗಿ ಯಾರಿಗಾದರೂ ಕೇಡಾಗುವ ವಿಷಯ ಅವೆರಡೇ.

ಕೊನೆಯಲ್ಲಿ ಒಂದು ಸೆಟ್ಟಿಂಗ್. ಹೊಸ ಗುಂಪಿನಲ್ಲಿ ಸಾಮಾನ್ಯವಾಗಿ ಯಾವ ಸದಸ್ಯರು ಬೇಕಾದರೂ ಹೆಸರು, ವಿವರಣೆ ಬದಲಿಸಬಹುದು. ಅದನ್ನು ಅಡ್ಮಿನ್‌ಗಳಿಗೆ ಮಾತ್ರ ಎಂದು ಮಾಡಿದೆವು. ಪ್ರೀತಿಯಿಂದ ಯಾರೋ ಗುಂಪಿನ ಹೆಸರಿಗೆ ಕಾಯಿಲೆಯ ಹೆಸರನ್ನೂ ಸೇರಿಸಿಬಿಟ್ಟರೆ ಅದು ಆ ಹಿರಿಯರ ಮನೆಯ ಸ್ಕ್ರೀನಿಗೂ ಹೋಗುತ್ತದೆ. ಮರುದಿನ ಲಿಂಕ್ ಕಳಿಸಿದೆವು. ಗುರುತಿಲ್ಲದ ಹೆಂಗಸೊಬ್ಬರು ಸೇರಿ, ನಮಸ್ಕಾರವನ್ನೂ ಹೇಳದೆ ನೇರವಾಗಿ ಬರೆದರು: "ಅತ್ತೆ ಸ್ನಾನದ ಮನೆಗೆ ಕಾಲಿಡೋಕೇ ಹೆದರ್ತಾರೆ. ನಿಮ್ಮಲ್ಲಿ ಯಾರಿಗಾದ್ರೂ ಹೀಗಾಗಿದೆಯಾ?"