ಮೇಲೆ ಮುರಕಲ್ಲು, ಕೆಳಗೆ ಶೇಡಿ

ಕಾಸರಗೋಡಿನ ಪೆರ್ಲದ ಹತ್ತಿರ ರಸ್ತೆ ಬದಿಯಲ್ಲಿ ಮಳೆನೀರಿನ ಪೈಪ್ ಹಾಕುವ ಕೆಲಸ ನಡೆದಿತ್ತು. ನಾನು ಅಲ್ಲಿ ಸೂಪರ್‌ವೈಸರ್. ದಿಬ್ಬ ದಾಟುವ ಜಾಗದಲ್ಲಿ ಟ್ರೆಂಚ್ ಎಂಟಡಿ ಆಳ ಹೋಗಬೇಕಿತ್ತು, ಅಗಲ ಮೂರಡಿಯ ಮೇಲೆ ಸ್ವಲ್ಪ. ಕೆಲಸದವರಲ್ಲಿ ಹೆಚ್ಚಿನವರು ಕೊಪ್ಪಳ ಕಡೆಯವರು. ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಹಾಗಾಗಿ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲಿನ ಸುರಕ್ಷತೆಯ ಮಾತನ್ನು ಅವತ್ತು ಟ್ರೆಂಚ್ ಪಕ್ಕದಲ್ಲೇ ಇಟ್ಟುಕೊಂಡೆ. ಈ ಮಾತು ಎಷ್ಟೋ ಸೈಟುಗಳಲ್ಲಿ ರಿಜಿಸ್ಟರಿಗೆ ಸಹಿ ಹಾಕಿಸುವುದಕ್ಕೇ ಮುಗಿದುಹೋಗುತ್ತದೆ.

ಮೇಸ್ತ್ರಿ ಮೊದಲೇ ಬಾಯಿ ಹಾಕಿದ. "ಸರ, ಮ್ಯಾಲಿನ ಕಲ್ಲಿಗೆ ಹಾರಿ ಹೊಡದ್ರ ಕೈ ಜುಮ್ ಅಂತೈತಿ. ಇದೆಲ್ಲಿ ಬೀಳತೈತಿ?"

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಮೇಲಿನ ನಾಲ್ಕಡಿ ಮುರಕಲ್ಲು, ಅಂದರೆ ತೂತು ತೂತಿನ ಕೆಂಪು ಜಂಬಿಟ್ಟಿಗೆ ಕಲ್ಲು, ಮನೆ ಕಟ್ಟುವಷ್ಟು ಗಟ್ಟಿ. ತೊಂದರೆ ಇರುವುದು ಅದರ ಕೆಳಗೆ. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲಿನ ಅಡಿಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಒಣಗಿದ್ದಾಗ ಅದೂ ಕಲ್ಲಿನ ಹಾಗೇ ಇರುತ್ತದೆ. ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಗೊತ್ತಿತ್ತು. ಶೆಡ್ಡಿನಲ್ಲಿ ಇಟ್ಟಿದ್ದ ಒಂದು ಒಣ ಶೇಡಿ ಹೆಂಟೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು "ಮುರಿ" ಅಂದೆ. ಆಗಲಿಲ್ಲ. ಅದನ್ನೇ ನೀರಿನ ಬಕೆಟಿಗೆ ಹಾಕಿದೆ. ಗುಳು ಗುಳು ಅಂತ ಗುಳ್ಳೆ ಬಂತು, ಅಂಚು ಉದುರತೊಡಗಿತು. ನಾವು ಮಾತಾಡುತ್ತಿರುವಾಗಲೇ ಅದು ಬಕೆಟಿನ ತಳದಲ್ಲಿ ಕೆಸರಾಗಿ ಕೂತಿತು. ಮೇಸ್ತ್ರಿ ಕೈ ಹಾಕಿ ಕಲಸಿ ನೋಡಿದ, ಏನೂ ಅನ್ನಲಿಲ್ಲ.

ಟ್ರೆಂಚಿನಲ್ಲಿ ಆಗುವುದೂ ಇದೇ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಗೆ ಸೇರುತ್ತದೆ. ಶೇಡಿ ಮೆತ್ತಗಾಗಿ ಗೋಡೆಯ ಹೊಟ್ಟೆಯಿಂದ ಉದುರುತ್ತದೆ. ಮೇಲಿನ ಗಟ್ಟಿ ಕಲ್ಲಿಗೆ ಅಡಿಪಾಯವೇ ಇಲ್ಲದ ಹಾಗಾಗುತ್ತದೆ. ಮೆತ್ತಗಿನ ಮಣ್ಣಾದರೆ ಸ್ವಲ್ಪ ಸ್ವಲ್ಪವೇ ಜರಿದು ಸೂಚನೆ ಕೊಡುತ್ತದೆ. ಇದು ಹಾಗಲ್ಲ, ಇಡೀ ಹಾಸು ಒಂದೇ ಸಲ ಮಗುಚುತ್ತದೆ. ಒಂದು ಘನ ಮೀಟರ್ ಮಣ್ಣು ಅಂದರೆ ಹೆಚ್ಚು ಕಡಿಮೆ ಒಂದೂಮುಕ್ಕಾಲು ಟನ್. ಎದೆಯವರೆಗೆ ಹೂತರೂ ಸಾಕು, ತಲೆ ಹೊರಗಿದ್ದರೂ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಆಗ ಉಳಿದವರು ಗಾಬರಿಯಲ್ಲಿ ಹಾರಿದರೆ ಎರಡನೇ ಜರಿತ ಅವರ ಮೇಲೆ. ಇದನ್ನು ಮಾತ್ರ ನಾನು ದನಿ ಏರಿಸಿಯೇ ಹೇಳಿದೆ.

ಪಕ್ಕದ ತೋಟದ ಅಣ್ಣ ಬೇಲಿಯಾಚೆ ನಿಂತು ಕೇಳುತ್ತಿದ್ದರು. "ನಮ್ಮ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗ ಉಂಟಲ್ಲ, ಒಂದು ಕಂಬ ಕೊಟ್ಟಿಲ್ಲ, ಇವತ್ತಿಗೂ ನೀರು ಬರ್ತದೆ" ಅಂದರು. ಒಳ್ಳೆಯ ಪ್ರಶ್ನೆ. ಅಂಥ ಸುರಂಗವನ್ನು ಗಟ್ಟಿ ಮುರಕಲ್ಲು ನೋಡಿಯೇ ಕೊರೆಯುತ್ತಾರೆ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ, ಮಾಡು ಕಮಾನಿನ ಹಾಗೆ. ಮೇಲಿನ ಭಾರ ಎರಡೂ ಬದಿಗೆ ಹಂಚಿ ಹೋಗುತ್ತದೆ. ಟ್ರೆಂಚಿಗೆ ಕಮಾನು ಎಲ್ಲಿದೆ? ಗೋಡೆಗೆ ಎದುರಿನಿಂದ ಒತ್ತು ಕೊಡುತ್ತಿದ್ದ ಮಣ್ಣನ್ನು ನಾವೇ ತೆಗೆದಿರುತ್ತೇವೆ. ಸಾಲದ್ದಕ್ಕೆ ಅಂಚಿನಲ್ಲಿ ರಾಶಿ ಹಾಕುತ್ತೇವೆ, ಜೆಸಿಬಿ ನಿಲ್ಲಿಸುತ್ತೇವೆ.

ಆ ರಾಶಿಯದ್ದೇ ದೊಡ್ಡ ಜಗಳ. ತೆಗೆದ ಮಣ್ಣು ಅಂಚಿನಿಂದ ಒಂದೂವರೆ ಮೀಟರ್, ಇಲ್ಲವೇ ಆಳದ ಅರ್ಧ, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು ಅಂತ ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮ ಹೇಳುತ್ತದೆ. ಎಂಟಡಿಯ ಅರ್ಧ ನಾಲ್ಕಡಿ. ಒಂದೂವರೆ ಮೀಟರ್ ಅಂದರೆ ಐದಡಿ. ಹಾಗಾಗಿ ನಮಗೆ ಐದಡಿ. ಅಳೆಯಬೇಕಾದ್ದು ರಾಶಿಯ ಬುಡದಿಂದ, ತುದಿಯಿಂದ ಅಲ್ಲ. ಈಗ ಲೆಕ್ಕ ಹಾಕಿ. ಒಂದು ಮೀಟರ್ ಉದ್ದ ತೋಡಿದರೆ ಸುಮಾರು ನಾಲ್ಕು ಟನ್ ಮಣ್ಣು ಬರುತ್ತದೆ. ಸಡಿಲಾಗಿ ಅದು ಉಬ್ಬುತ್ತದೆ, ತಾನಾಗಿ ನಿಂತರೆ ನಾಲ್ಕೂವರೆ ಅಡಿ ಎತ್ತರ, ಹದಿನಾಲ್ಕು ಅಡಿ ಅಗಲದ ರಾಶಿ. ಐದಡಿ ಬಿಟ್ಟು ಹದಿನಾಲ್ಕು ಅಡಿ! ಊರ ರಸ್ತೆಯಲ್ಲಿ ಜಾಗವೇ ಇಲ್ಲ, ಆಚೆ ಬದಿ ಕಂಪೌಂಡ್ ಗೋಡೆ. ಅಂಚಿಗೇ ಸುರಿಯುವುದು ಕೆಲಸದವರ ಸೋಮಾರಿತನದಿಂದ ಅಂತ ಬೈಯುವವರು ಈ ಲೆಕ್ಕ ಮಾಡಿ ನೋಡಬೇಕು. ಅಲ್ಲಿಗೆ ಬೇಕಿದ್ದದ್ದು ಟಿಪ್ಪರ್. ಅರ್ಧ ಮಣ್ಣನ್ನು ಹಾಗೇ ಸಾಗಿಸಿದೆವು.

ಸೂಚನೆಗಳ ಬಗ್ಗೆ ಹೇಳುವುದಕ್ಕಿಂತ ತೋರಿಸೋಣ ಅಂತ ಎಲ್ಲರನ್ನೂ ಕರೆದುಕೊಂಡು ಅಂಚಿನಿಂದ ದೂರದಲ್ಲೇ ನಡೆದೆ. ಗೋಡೆಗೆ ಆಧಾರದ ಹಲಗೆ ಇನ್ನೂ ಕೊಡದ ತುದಿಯಲ್ಲಿ ಒಬ್ಬಳು ಹೆಣ್ಣುಮಗಳು ನಿಂತಳು. "ಸರ, ಇಲ್ಲಿ ಗೆರಿ ಬಿದ್ದೈತ್ರಿ." ಟ್ರೆಂಚಿಗೆ ಸಮನಾಗಿ, ಅಂಚಿನಿಂದ ನಾಲ್ಕಡಿ ಆಚೆ ಕೂದಲೆಳೆಯ ಬಿರುಕು. ಸುಮಾರು ಎರಡು ಆಳು ಉದ್ದ ಇತ್ತು. ಹುಡುಕಬೇಕಾದ್ದು ಇದನ್ನೇ, ಅದೂ ಇಂಥ ಕಡೆಯಲ್ಲೇ. ಬಹಳ ಜನ ಅಂಚನ್ನು ಮಾತ್ರ ನೋಡುತ್ತಾರೆ. ಬಿರುಕು ಏಳುವುದು ಆಳದ ಅರ್ಧ, ಮುಕ್ಕಾಲಿನಷ್ಟು ಹಿಂದೆ. ರಾಶಿ ಅಂಚಿನಲ್ಲೇ ಇದ್ದಿದ್ದರೆ ಇದು ಮಣ್ಣಿನಡಿ ಮುಚ್ಚಿಹೋಗುತ್ತಿತ್ತು. ಎದುರು ಬದಿಯಿಂದ ನೋಡಿದರೆ ಕೆಳಗೆ ಶೇಡಿ ಒದ್ದೆಯಾಗಿ ಹೊಳೆಯುತ್ತಿತ್ತು, ಒಂದು ಕಡೆ ಗೇಣುದ್ದ ಒಳಗೆ ತಿಂದುಹೋಗಿತ್ತು. ಸಣ್ಣ ಸಣ್ಣ ಚೂರು ಆಗಾಗ ಉದುರುತ್ತಿತ್ತು.

ಯಾರನ್ನೂ ಇಳಿಸಲಿಲ್ಲ. ಜೆಸಿಬಿಯನ್ನು ಟ್ರೆಂಚಿನ ತಲೆ ಕಡೆಯಲ್ಲಿ ನಿಲ್ಲಿಸಿ, ಬಿರುಕಿನ ಈಚೆಯ ಕಲ್ಲನ್ನು ಮೇಲಿನಿಂದಲೇ ಕೆಡವಿಸಿದೆವು. ಬಕೆಟ್ ತಾಗಿಸಿದ್ದಷ್ಟೇ, ಹಾಸು ಕಳಚಿಕೊಂಡು ಬಿತ್ತು. ಅದರ ಹಿಂಬದಿಯಲ್ಲಿ ಕೆಂಪು ನೀರು ಜಿನುಗುತ್ತಿತ್ತು.

ಆಮೇಲೆ ಆ ತುದಿಗೂ ಹಲಗೆ ಕಟ್ಟಿದೆವು. ಐದಡಿಗಿಂತ ಆಳ ಹೋದರೆ ಗೋಡೆಗೆ ಇಳಿಜಾರು ಕೊಡಬೇಕು, ಇಲ್ಲವೇ ಆಧಾರ ಕೊಡಬೇಕು. ಇಳಿಜಾರಿಗೆ ರಸ್ತೆ ಬಿಡುವುದಿಲ್ಲ. ನಿಲುವಾಗಿ ದಪ್ಪ ಹಲಗೆ, ಅದರ ಮೇಲೆ ಅಡ್ಡ ತೊಲೆ, ಎರಡು ಬದಿಯ ತೊಲೆಗಳ ನಡುವೆ ಐದಾರು ಅಡಿಗೊಂದು ಜಾಕಿ. ಹಲಗೆಯನ್ನು ಮೇಲಿನಿಂದಲೇ ಇಳಿಸಬೇಕು, ಮೇಲಿನ ಸಾಲಿನ ಜಾಕಿ ಮೊದಲು ಬಿಗಿಯಬೇಕು. ಕೆಳಗಿನ ಸಾಲಿಗೆ ಹೋಗುವವನು ಕಟ್ಟಿ ಮುಗಿದ ಭಾಗದೊಳಗೇ ಏಣಿ ಇಟ್ಟು ಇಳಿಯಬೇಕು. ಬಿಚ್ಚುವಾಗ ಉಲ್ಟಾ: ಕೆಳಗಿನದು ಮೊದಲು, ಅದೂ ಮಣ್ಣು ತುಂಬಿಸುತ್ತಾ ಬಂದ ಹಾಗೆ. ಒಬ್ಬ ಹುಡುಗ ಜಾಕಿಯ ಬದಲು ಅಡಿಕೆ ಮರದ ತುಂಡು ತಂದ. ಇಲ್ಲಿ ಸುಲಭಕ್ಕೆ ಸಿಗುತ್ತದಲ್ವಾ? ಹೊರಗಿನ ಸುತ್ತು ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ಚಪ್ಪರಕ್ಕೆ ಸರಿ, ಇದಕ್ಕೆ ಬೇಡ ಅಂದೆ. ಜಾಕಿ ಮೇಲೆ ಕಾಲಿಟ್ಟು ಇಳಿಯುವುದಕ್ಕೂ ಬೈದೆ. ಶೇಡಿ ಒಣಗಿ ಕುಗ್ಗಿದರೆ ಜಾಕಿ ಸಡಿಲಾಗುತ್ತದೆ. ದಿನಾ ಬೆಳಗ್ಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯ ಮುಖ ಊದಿಕೊಂಡಿತ್ತು. ಅವರದ್ದು ಮೀಟರ್ ಲೆಕ್ಕದ ಕೂಲಿ. ಹಲಗೆ ಕಟ್ಟಿದ ಹೊತ್ತಿಗೆ ದುಡ್ಡಿಲ್ಲ, ಸುಮ್ನೆ ನಿಂತ ಹೊತ್ತಿಗಂತೂ ಇಲ್ಲವೇ ಇಲ್ಲ. "ನೀವು ಹೇಳೋದು ಖರೆ ಐತ್ರಿ ಸರ. ಆದ್ರ ಹೊಟ್ಟಿಗೇನು?" ಅಂದ. ನನ್ನ ಬೆಳಗಿನ ಮಾತಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಸಂಜೆ ಕಂಟ್ರಾಕ್ಟರರ ಹತ್ತಿರ ಕೂತು ಚೌಕಾಸಿ ಮಾಡಿದೆವು. ಹಲಗೆ ಕಟ್ಟಿ ಬಿಚ್ಚುವುದಕ್ಕೆ ಬೇರೆಯೇ ಮೀಟರ್ ದರ, ಸೂಪರ್‌ವೈಸರ್ ಹೇಳಿ ನಿಲ್ಲಿಸಿದ ಹೊತ್ತಿಗೆ ದಿನಗೂಲಿಯ ಲೆಕ್ಕ ಅಂತ ಒಪ್ಪಿದರು, ಗೊಣಗುತ್ತಲೇ. ಮರುದಿನ ಮೇಸ್ತ್ರಿ ನಾನು ಬರುವ ಮೊದಲೇ ಜಾಕಿ ತಟ್ಟುತ್ತಿದ್ದ. ಕಟ್ಟಿದ ಉದ್ದವನ್ನು ಟೇಪ್ ಹಿಡಿದು ಅಳೆದು, ಒಂದಡಿಯನ್ನೂ ಬಿಡದೆ ನನ್ನ ಪುಸ್ತಕದಲ್ಲಿ ಬರೆಸಿದ.